ಜ್ವರದ ಚೀಟಿಯಲ್ಲಿ ಒಂದು ಪ್ರಶ್ನೆ ಸೇರಿಸಿ: ದಾವಣಗೆರೆ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ, ವೈದ್ಯರಿಗೆ ಮತ್ತು ಲ್ಯಾಬ್ ಟೆಕ್ನಿಷಿಯನ್ನರಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ದಾವಣಗೆರೆಯಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತೇನೆ. ಲ್ಯಾಬ್ ಟೆಕ್ನಾಲಜಿ ಓದುವ ಮಕ್ಕಳಿಗೆ ಪರಾವಲಂಬಿ ಜೀವಿಗಳ ಪಾಠವನ್ನೂ ಹೇಳಿಕೊಡುತ್ತೇನೆ. ಈಚೆಗೆ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಕೀಟದ ಚಿತ್ರ ಓಡಾಡುತ್ತಿದೆ. 'ಈ ತಿಗಣೆ ಕಚ್ಚಿದರೆ ಆಫ್ರಿಕಾದ ನಿದ್ದೆ ರೋಗ ಬರುತ್ತದೆ, ಹೃದಯ ನಿಲ್ಲುತ್ತದೆ' ಅಂತ ಅದರ ಕೆಳಗೆ ಬರೆದಿದೆ. ಎರಡು ಬೇರೆ ಬೇರೆ ರೋಗಗಳನ್ನು ಒಂದು ಮಾಡಿ, ಎರಡು ಖಂಡಗಳನ್ನು ಕಲಸಿ, ಜನರನ್ನು ಹೆದರಿಸಿದ್ದಾರೆ. ಹೆದರುವ ಅಗತ್ಯವಿಲ್ಲದ ಕಡೆ ಜನ ಹೆದರಿದ್ದಾರೆ. ನಾವು ಗಮನ ಕೊಡಬೇಕಾದ ಕಡೆ ಯಾರೂ ನೋಡುತ್ತಿಲ್ಲ. ಈ ಪತ್ರ ಅದರ ಬಗ್ಗೆ.

ಚನ್ನಗಿರಿ ತಾಲೂಕಿನ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಲು ಆಫ್ರಿಕಾದ ಹಲವು ದೇಶಗಳಿಗೆ ಹೋಗಿಬರುತ್ತಾರೆ. 2023ರಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಕೊಂಡ ಕನ್ನಡಿಗರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಗ್ಯಾಬನ್ ದೇಶಕ್ಕೂ ಇಲ್ಲಿಂದ ಹೋಗುವವರಿದ್ದಾರೆ. ಕಷ್ಟಪಟ್ಟು ದುಡಿದು ಬರುವ ಜನ ಅವರು. ವಾಪಸ್ ಬಂದ ಮೇಲೆ ಜ್ವರ ಬಂದರೆ ತೋರಿಸಿಕೊಳ್ಳುವುದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ನಮ್ಮ ಲ್ಯಾಬ್‌ಗಳಲ್ಲಿ. ಅವರ ರಕ್ತದಲ್ಲಿ ಏನು ಹುಡುಕಬೇಕು ಅನ್ನೋದು ನಮಗೆ ಗೊತ್ತಿರಬೇಕು, ಅಲ್ವಾ?

ಮೊದಲು ಆ ಎರಡು ರೋಗಗಳನ್ನು ಬಿಡಿಸಿ ನೋಡೋಣ. ಎರಡಕ್ಕೂ ಕಾರಣ ಟ್ರಿಪನೋಸೋಮ ಅನ್ನುವ ಒಂದೇ ಕುಲದ ಏಕಕೋಶ ಜೀವಿಗಳು. ಆಫ್ರಿಕಾದ ನಿದ್ದೆ ರೋಗಕ್ಕೆ ಟ್ರಿಪನೋಸೋಮ ಬ್ರೂಸಿ ಕಾರಣ. ದಕ್ಷಿಣ ಅಮೆರಿಕದ ಕಡೆಯ ಚಾಗಸ್ ರೋಗಕ್ಕೆ ಟ್ರಿಪನೋಸೋಮ ಕ್ರೂಝಿ. ಹೆಸರು ನೋಡಿದರೆ ಅಣ್ಣತಮ್ಮಂದಿರು. ಆದರೆ ಕೀಟದ ಯಾವ ತುದಿಯಿಂದ ಹೊರಗೆ ಬರುತ್ತವೆ, ನಮ್ಮ ಮೈಯಲ್ಲಿ ಎಲ್ಲಿ ಮನೆ ಮಾಡುತ್ತವೆ ಎಂಬ ಎರಡು ವಿಷಯಗಳಲ್ಲಿ ಅವು ಪೂರ್ತಿ ಬೇರೆ. ರೋಗದ ಲಕ್ಷಣವೂ, ನಾವು ಹುಡುಕಬೇಕಾದ ಜಾಗವೂ ಅದರಿಂದಲೇ ಬದಲಾಗುತ್ತದೆ.

ನಿದ್ದೆ ರೋಗ ಹರಡುವ ತ್ಸೆತ್ಸೆ ನೊಣ ಹಗಲಲ್ಲಿ ಕಚ್ಚುತ್ತದೆ. ಗಂಡು ಹೆಣ್ಣು ಎರಡೂ ರಕ್ತ ಕುಡಿಯುತ್ತವೆ. ಕಚ್ಚಿದರೆ ಚೆನ್ನಾಗಿ ನೋಯುತ್ತದೆ, ಹಾಗಾಗಿ ಕಚ್ಚಿಸಿಕೊಂಡವರಿಗೆ ಎಷ್ಟೋ ಸಲ ನೆನಪಿರುತ್ತದೆ. ನೊಣ ಸೋಂಕಿರುವ ರಕ್ತ ಕುಡಿದಾಗ ಪರಾವಲಂಬಿ ಮೊದಲು ಅದರ ಕರುಳಿನಲ್ಲಿ ಬೆಳೆಯುತ್ತದೆ. ಸುಮಾರು ಮೂರು ವಾರದಲ್ಲಿ ಜೊಲ್ಲಿನ ಗ್ರಂಥಿಗೆ ಬಂದು ಸೇರುತ್ತದೆ. ಮುಂದೆ ಕಚ್ಚಿದಾಗ ಜೊಲ್ಲಿನ ಜೊತೆ ನೇರವಾಗಿ ಚರ್ಮದೊಳಗೆ ಇಳಿಯುತ್ತದೆ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾ ಬಿಟ್ಟರೆ ಈ ನೊಣದಿಂದ ರೋಗ ಹರಡುವ ಜಾಗ ಬೇರೆ ಇಲ್ಲ. ಭಾರತದಲ್ಲಿ ಈ ನೊಣ ಇಲ್ಲ.

ಚಾಗಸ್ ರೋಗದ ಕೀಟ ನೊಣವಲ್ಲ. ತಿಗಣೆಯ ದೂರದ ಸಂಬಂಧಿ, ಆದರೆ ಗಾತ್ರದಲ್ಲಿ ಬಹಳ ದೊಡ್ಡದು. ಇಂಗ್ಲಿಷಿನಲ್ಲಿ ಕಿಸ್ಸಿಂಗ್ ಬಗ್ ಅನ್ನುತ್ತಾರೆ, ಮಲಗಿದವರ ಮುಖಕ್ಕೆ ಕಚ್ಚುವುದು ಜಾಸ್ತಿ ಎಂಬ ಕಾರಣಕ್ಕೆ. ದಕ್ಷಿಣ ಅಮೆರಿಕದ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಬಿರುಕು, ಹುಲ್ಲಿನ ಸೂರು ಇವುಗಳಲ್ಲಿ ಹಗಲು ಅಡಗಿರುತ್ತದೆ. ರಾತ್ರಿ ಬಂದು ನೋವಾಗದಂತೆ ಹತ್ತಿಪ್ಪತ್ತು ನಿಮಿಷ ರಕ್ತ ಹೀರುತ್ತದೆ. ಇದರ ಜೊಲ್ಲಿನಲ್ಲಿ ರೋಗವಿಲ್ಲ. ಪರಾವಲಂಬಿ ಇರುವುದು ಅದರ ಹಿಂಭಾಗದ ಕರುಳಿನಲ್ಲಿ. ರಕ್ತ ಕುಡಿಯುತ್ತಲೇ ಅಥವಾ ಕುಡಿದ ತಕ್ಷಣ ಅದು ಚರ್ಮದ ಮೇಲೆ ಮಲ ಹಾಕುತ್ತದೆ. ಮಲಗಿದವರು ನಿದ್ದೆಗಣ್ಣಲ್ಲಿ ತುರಿಸಿಕೊಂಡಾಗ ಆ ಮಲ ಗಾಯಕ್ಕೋ ಕಣ್ಣಿಗೋ ಹೋಗುತ್ತದೆ. ಕಣ್ಣಿಗೆ ಹೋದರೆ ಒಂದು ಕಡೆಯ ರೆಪ್ಪೆ ಮಾತ್ರ ಊದಿಕೊಳ್ಳುತ್ತದೆ. ಸೋಂಕು ಇಷ್ಟು ಸುತ್ತುಬಳಸಿನ ದಾರಿಯಲ್ಲಿ ಬರುವುದರಿಂದ ಒಂದೆರಡು ಸಲ ಕಚ್ಚಿದ ಮಾತ್ರಕ್ಕೆ ರೋಗ ಬರುವ ಸಾಧ್ಯತೆ ಬಹಳ ಕಡಿಮೆ. ಅದೇ ಮನೆಯಲ್ಲಿ ವರ್ಷಗಟ್ಟಲೆ ಮಲಗುವ ಬಡವರಿಗೆ ಇದು ಬರುತ್ತದೆ.

ಬಾಯಿಯ ಮೂಲಕವೂ ಬರುತ್ತದೆ. 2005ರಲ್ಲಿ ಬ್ರೆಜಿಲ್ಲಿನ ಸಾಂತಾ ಕಟರೀನಾ ರಾಜ್ಯದಲ್ಲಿ ರಸ್ತೆ ಬದಿ ಕಬ್ಬಿನ ಹಾಲು ಕುಡಿದವರಿಗೆ ಚಾಗಸ್ ಬಂತು. ಕಬ್ಬಿನ ಜೊತೆ ಕೀಟವೂ ಗಾಣದಲ್ಲಿ ಅರೆದುಹೋಗುವುದೇ ಇದಕ್ಕೆ ದಾರಿ. ರಕ್ತ ಕೊಡುವುದರಿಂದ, ಅಂಗ ಕಸಿಯಿಂದ, ಬಸುರಿಯಿಂದ ಮಗುವಿಗೆ ಹರಡುವುದೂ ಇದೆ.

ಈಗ ನಮ್ಮೂರಿನ ಕೀಟಕ್ಕೆ ಬರೋಣ. ಚಿತ್ರದಲ್ಲಿರುವ ಜಾತಿಯ ರಕ್ತ ಹೀರುವ ಕೀಟಗಳು ಭಾರತದಲ್ಲಿ ಇಲ್ಲವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಟ್ರಯಟೋಮ ರೂಬ್ರೋಫ್ಯಾಸಿಯೇಟ ಎಂಬುದು ಇಲಿಗಳಿರುವ ಮನೆ, ಗೋದಾಮುಗಳಲ್ಲಿ ಸಿಗುತ್ತದೆ. ಅದು ಕಚ್ಚಿದರೆ ಕೆಲವರಿಗೆ ಅಲರ್ಜಿ ಜೋರಾಗಿ ಆಗಬಹುದು, ಆಗ ಚಿಕಿತ್ಸೆ ಬೇಕು. ಆದರೆ ಅದು ಸಾಗಿಸುವ ಟ್ರಿಪನೋಸೋಮ ಇಲಿಗೆ ಸಂಬಂಧಿಸಿದ್ದು. ಚಾಗಸ್ ತರುವ ಕ್ರೂಝಿ ನಮ್ಮ ನೆಲದಲ್ಲಿ ಹರಡುತ್ತಿಲ್ಲ. ಕೀಟ ಇದ್ದ ಮಾತ್ರಕ್ಕೆ ರೋಗ ಇರುವುದಿಲ್ಲ, ಪರಾವಲಂಬಿಯೂ ಇರಬೇಕು. ಆ ಚಿತ್ರ ಹಂಚುವವರಿಗೆ ದಯವಿಟ್ಟು ಇದನ್ನು ತಿಳಿಸಿ.

ಇನ್ನು ಮೈಯೊಳಗೆ ಏನಾಗುತ್ತದೆ ಎಂಬುದು. ಚಾಗಸ್ ಜೀವಿ ರಕ್ತದಲ್ಲಿ ಜಾಸ್ತಿ ದಿನ ಇರುವುದಿಲ್ಲ. ಅದು ಜೀವಕೋಶದ ಒಳಗೆ ನುಗ್ಗಿ, ಬಾಲ ಬಿಟ್ಟು, ದುಂಡಗಾಗಿ ಒಡೆದು ಒಡೆದು ಹೆಚ್ಚುತ್ತದೆ. ನಾಲ್ಕೈದು ದಿನದಲ್ಲಿ ಕೋಶ ಒಡೆಯುತ್ತದೆ, ಮರಿಗಳು ಹೊರಗೆ ಬಂದು ಬೇರೆ ಕೋಶಕ್ಕೆ ಹೋಗುತ್ತವೆ. ಹೃದಯದ ಸ್ನಾಯು, ಅನ್ನನಾಳ ಮತ್ತು ದೊಡ್ಡ ಕರುಳಿನ ಗೋಡೆ ಇದಕ್ಕೆ ಇಷ್ಟವಾದ ಜಾಗಗಳು. ಮೊದಲ ಎರಡು ತಿಂಗಳು ರಕ್ತದಲ್ಲಿ ಕಾಣಿಸುತ್ತದೆ. ಹೆಚ್ಚಿನವರಿಗೆ ಆಗ ಸಣ್ಣ ಜ್ವರ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಹತ್ತು, ಇಪ್ಪತ್ತು, ಮೂವತ್ತು ವರ್ಷ ಸುಮ್ನೆ ಇರುತ್ತದೆ. ಕೊನೆಗೆ ಮೂರರಲ್ಲಿ ಒಬ್ಬರಿಗೆ ಹೃದಯದ ತೊಂದರೆ ಶುರುವಾಗುತ್ತದೆ. ಇಸಿಜಿಯಲ್ಲಿ ಬಲಭಾಗದ ಬಂಡಲ್ ಬ್ರಾಂಚ್ ಬ್ಲಾಕ್ ಕಾಣುವುದು, ಬಡಿತದ ಲಯ ತಪ್ಪುವುದು, ಹೃದಯದ ತುದಿ ತೆಳುವಾಗಿ ಉಬ್ಬುವುದು, ಕೆಲವರಲ್ಲಿ ಇದ್ದಕ್ಕಿದ್ದಂತೆ ಸಾವು. ಇನ್ನು ಕೆಲವರಿಗೆ ಅನ್ನನಾಳದ ನರಗಳು ಸತ್ತು ತುತ್ತು ಇಳಿಯುವುದಿಲ್ಲ. ಆ ಹಂತದಲ್ಲಿ ರಕ್ತದ ಸ್ಲೈಡ್ ನೋಡಿ ಪ್ರಯೋಜನವಿಲ್ಲ. ಬೇರೆ ಬೇರೆ ವಿಧಾನದ ಎರಡು ಆ್ಯಂಟಿಬಾಡಿ ಪರೀಕ್ಷೆ ಬೇಕು.

1909ರಲ್ಲಿ ಬ್ರೆಜಿಲ್ಲಿನ ಲಾಸಾನ್ಸ್ ಎಂಬ ಸಣ್ಣ ಊರಿನಲ್ಲಿ ಕಾರ್ಲೋಸ್ ಚಾಗಸ್ ಎಂಬ ಯುವ ವೈದ್ಯ ಇದನ್ನು ಗುರುತಿಸಿದ್ದು ಎರಡು ವರ್ಷದ ಒಂದು ಹೆಣ್ಣು ಮಗುವಿನ ರಕ್ತದಲ್ಲಿ. ಅದು ಸೋಂಕಿನ ಮೊದಲ ದಿನಗಳು, ಹಾಗಾಗಿ ಮೈಕ್ರೋಸ್ಕೋಪಿಗೆ ಸಿಕ್ಕಿತು. ದಾವಣಗೆರೆಯಲ್ಲಿ ಚಾಗಸ್ ಯೋಚನೆ ಬರಬೇಕಾದದ್ದು ಬೊಲಿವಿಯಾ, ಬ್ರೆಜಿಲ್ ಕಡೆ ಬಹಳ ಕಾಲ ಇದ್ದು ಬಂದವರ ಇಸಿಜಿ ಕಾರಣವಿಲ್ಲದೆ ಕೆಟ್ಟಾಗ ಮಾತ್ರ. ಇಷ್ಟು ಸಾಕು ಇದರ ಬಗ್ಗೆ.

ನಿದ್ದೆ ರೋಗದ ಜೀವಿ ಕೋಶದ ಒಳಗೆ ಹೋಗುವುದೇ ಇಲ್ಲ. ಅದು ರಕ್ತ, ದುಗ್ಧರಸ, ಆಮೇಲೆ ಮಿದುಳಿನ ಸುತ್ತಲಿನ ದ್ರವ, ಹೀಗೆ ದ್ರವದಲ್ಲೇ ಈಜಿಕೊಂಡಿರುತ್ತದೆ. ರೋಗನಿರೋಧಕ ಶಕ್ತಿಯ ಎದುರು ಬಯಲಿನಲ್ಲಿ ನಿಂತು ಅದು ಹೇಗೆ ಬದುಕುತ್ತದೆ? ಅದರ ಮೈ ಮೇಲೆ ಒಂದೇ ಬಗೆಯ ಪ್ರೋಟೀನಿನ ದಟ್ಟವಾದ ಹೊದಿಕೆ ಇದೆ. ನಮ್ಮ ದೇಹ ಆ ಹೊದಿಕೆಗೆ ಆ್ಯಂಟಿಬಾಡಿ ತಯಾರಿಸಿ ಹೆಚ್ಚಿನವನ್ನು ಕೊಂದು ಹಾಕುವಷ್ಟರಲ್ಲಿ ಕೆಲವು ಬೇರೆ ಅಂಗಿ ತೊಟ್ಟಿರುತ್ತವೆ. ಹಾಗೆ ಬದಲಿಸಲು ಸಾವಿರಕ್ಕೂ ಹೆಚ್ಚು ಜೀನುಗಳು ಅದರ ಬಳಿ ಇವೆ. ಹಳೆಯ ಆ್ಯಂಟಿಬಾಡಿ ಹೊಸದನ್ನು ಗುರುತಿಸುವುದಿಲ್ಲ. ಮತ್ತೆ ಹೆಚ್ಚುತ್ತವೆ, ಮತ್ತೆ ಜ್ವರ. ಜ್ವರ ಬಂದು ಹೋಗಿ ಮಾಡುವುದು ಇದರಿಂದ. ರಕ್ತದಲ್ಲಿ ಇವತ್ತು ಕಾಣದ್ದು ನಾಲ್ಕು ದಿನ ಬಿಟ್ಟು ಕಾಣುವುದೂ ಇದರಿಂದಲೇ.

ಬ್ರೂಸಿಯಲ್ಲಿ ಮನುಷ್ಯರಿಗೆ ತೊಂದರೆ ಕೊಡುವ ಬಗೆ ಎರಡು. ಪೂರ್ವ ಆಫ್ರಿಕಾದ ರೊಡೇಷಿಯೆನ್ಸ್ ಬೇಗ ಏರುತ್ತದೆ. ಒಂದರಿಂದ ಮೂರು ವಾರದಲ್ಲಿ ಜೋರು ಜ್ವರ, ಕಚ್ಚಿದ ಜಾಗದಲ್ಲಿ ಗಡ್ಡೆಯಂಥ ಹುಣ್ಣು. ರಕ್ತದಲ್ಲಿ ಬೇಕಾದಷ್ಟು ಸಿಗುತ್ತದೆ, ಚಿಕಿತ್ಸೆ ಇಲ್ಲದಿದ್ದರೆ ತಿಂಗಳುಗಳಲ್ಲಿ ಸಾವು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಗ್ಯಾಂಬಿಯೆನ್ಸ್ ನಿಧಾನಿ. ವರದಿಯಾಗುವ ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಇದರವರೇ. ಕಾಂಗೋ, ಗ್ಯಾಬನ್, ದಕ್ಷಿಣ ಸುಡಾನ್ ಎಲ್ಲ ಇದರ ಸೀಮೆ. ತಿಂಗಳು, ಕೆಲವೊಮ್ಮೆ ವರ್ಷಗಳ ನಂತರ ಗೊತ್ತಾಗುತ್ತದೆ. ನಮ್ಮ ಜಿಲ್ಲೆಗೆ ಬಂದರೆ ಬರುವುದು ಹೆಚ್ಚಾಗಿ ಇದೇ, ತಪ್ಪಿಹೋಗುವುದೂ ಇದೇ.

ಹೇಗೆ ತಪ್ಪಿಹೋಗುತ್ತದೆ ಅಂತ ಒಂದು ಉದಾಹರಣೆ ಹಾಕಿಕೊಂಡು ನೋಡೋಣ. ಗ್ಯಾಬನ್ನಿನ ಹಳ್ಳಿ ಸಂತೆಗಳಲ್ಲಿ ಎಣ್ಣೆ ಮಾರಿ ಬಂದು ಎಂಟು ತಿಂಗಳಾದ ಒಬ್ಬರು. ಬಿಟ್ಟು ಬಿಟ್ಟು ಜ್ವರ, ತಲೆನೋವು, ಮೈ ಕೆರೆತ. ಮಲೇರಿಯಾ ಕಾರ್ಡ್ ಹಾಕುತ್ತೇವೆ, ನೆಗೆಟಿವ್. ವಿಡಾಲ್ ಮಾಡುತ್ತೇವೆ, ಪಾಸಿಟಿವ್. ಟೈಫಾಯ್ಡ್ ಅಂತ ಮಾತ್ರೆ ಕೊಡುತ್ತೇವೆ. ನಾಲ್ಕು ದಿನಕ್ಕೆ ಜ್ವರ ಬಿಡುತ್ತದೆ, ಮಾತ್ರೆ ಕೆಲಸ ಮಾಡಿತು ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಪರಾವಲಂಬಿಗಳ ಒಂದು ಅಲೆ ಇಳಿದದ್ದು. ಈ ರೋಗದಲ್ಲಿ ದೇಹ ಸಿಕ್ಕಾಪಟ್ಟೆ ಐಜಿಎಂ ಆ್ಯಂಟಿಬಾಡಿ ಹುಟ್ಟಿಸುವುದರಿಂದ ಬೇರೆ ರೋಗಗಳ ರಕ್ತ ಪರೀಕ್ಷೆಗಳು ಸುಳ್ಳು ಪಾಸಿಟಿವ್ ತೋರಿಸಬಹುದು. ಇಎಸ್ಆರ್ ಏರಿರುತ್ತದೆ, ಹಿಮೋಗ್ಲೋಬಿನ್ ಇಳಿದಿರುತ್ತದೆ. ಕುತ್ತಿಗೆಯ ಹಿಂಭಾಗದಲ್ಲಿ, ಕಿವಿಯ ಕೆಳಗಿನ ಇಳಿಜಾರಿನಲ್ಲಿ, ನೋವಿಲ್ಲದ ಮೆತ್ತನೆಯ ಗಂಟುಗಳು ಇರುತ್ತವೆ. ಅದನ್ನು ಮುಟ್ಟಿ ನೋಡಿದವರು ಇದು ಟಿಬಿ ಇರಬೇಕು ಅನ್ನುತ್ತಾರೆ.

ಇನ್ನೂ ಕೆಲವು ತಿಂಗಳಾದ ಮೇಲೆ ಹೆಂಡತಿ ಬಂದು ಹೇಳುತ್ತಾಳೆ, 'ಹಗಲು ಕೂತಲ್ಲೇ ತೂಕಡಿಸ್ತಾರೆ, ರಾತ್ರಿ ಎದ್ದು ಓಡಾಡ್ತಾರೆ, ಸಿಟ್ಟು ಮಾಡ್ತಾರೆ, ಮೊದಲಿನ ಹಾಗಿಲ್ಲ.' ಅಲ್ಲಿಗೆ ಪರಾವಲಂಬಿ ಮಿದುಳಿಗೆ ಹೋಗಿದೆ. ನಿದ್ದೆ ಜಾಸ್ತಿಯಾಗುವುದಕ್ಕಿಂತ ಹಗಲು ರಾತ್ರಿಯ ಲೆಕ್ಕ ತಪ್ಪುವುದು ಇಲ್ಲಿನ ಮುಖ್ಯ ಲಕ್ಷಣ. ಆ ಮನುಷ್ಯನನ್ನು ಮಾನಸಿಕ ಚಿಕಿತ್ಸೆಗೋ, ದೇವರ ಕಟ್ಟೆಗೋ ಕರೆದುಕೊಂಡು ಹೋಗುತ್ತಾರೆ. ಅಷ್ಟರೊಳಗೆ ಯಾರಾದರೂ ಒಬ್ಬರು 'ನೀವು ಯಾವ ದೇಶಕ್ಕೆ ಹೋಗಿದ್ರಿ?' ಅಂತ ಕೇಳಿದ್ದರೆ ಸಾಕಿತ್ತು.

ಈ ಅಪಾಯವನ್ನು ದೊಡ್ಡದು ಮಾಡಿ ಹೇಳುವುದು ನನಗೆ ಬೇಕಿಲ್ಲ. 1998ರಲ್ಲಿ ಇಡೀ ಆಫ್ರಿಕಾದಿಂದ ಸುಮಾರು 40,000 ರೋಗಿಗಳ ವರದಿ ಇತ್ತು. 2018ರಿಂದ ಈಚೆಗೆ ವರ್ಷಕ್ಕೆ ಸಾವಿರಕ್ಕಿಂತ ಕಡಿಮೆ. ಸೋಂಕಿರುವ ಪ್ರದೇಶದಲ್ಲೂ ನೂರು ತ್ಸೆತ್ಸೆ ನೊಣ ಹಿಡಿದರೆ ಒಂದರಲ್ಲಿ ನಿದ್ದೆ ರೋಗದ ಪರಾವಲಂಬಿ ಸಿಗುವುದೂ ಕಷ್ಟ. ಪಟ್ಟಣದಲ್ಲಿ ಮಾತ್ರ ಇದ್ದು ಬಂದವರಿಗೆ ಚಿಂತೆ ಬಹಳ ಕಡಿಮೆ, ನದಿ ದಂಡೆ ಮತ್ತು ಕಾಡಂಚಿನ ಹಳ್ಳಿಗಳಲ್ಲಿ ತಿರುಗಿದವರಿಗೆ ಸ್ವಲ್ಪ ಜಾಸ್ತಿ. ರೋಗ ಕಡಿಮೆಯಾದಷ್ಟೂ ವೈದ್ಯರು ಅದನ್ನು ಮರೆಯುತ್ತಾರೆ. ನನ್ನ ಆತಂಕ ಅದು.

ಆಫ್ರಿಕಾಕ್ಕೆ ಹೋಗದವರ ರಕ್ತದಲ್ಲೂ ಟ್ರಿಪನೋಸೋಮ ಸಿಕ್ಕ ಒಂದು ಪ್ರಸಂಗ ನಮ್ಮ ದೇಶದ್ದೇ ಇದೆ. 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಬ್ಬ ರೈತರಿಗೆ ತಿಂಗಳುಗಟ್ಟಲೆ ಚಳಿಜ್ವರ ಬಂದು ಹೋಗುತ್ತಿತ್ತು. ಅವರ ರಕ್ತದ ಸ್ಲೈಡಿನಲ್ಲಿ ಟ್ರಿಪನೋಸೋಮ ಕಂಡಿತು. ಅದು ಇವಾನ್ಸಿ ಎಂಬ ಜಾತಿ. ದನ, ಎಮ್ಮೆ, ಕುದುರೆ, ಒಂಟೆಗಳಿಗೆ ಸರ್ರಾ ರೋಗ ತರುವಂಥದ್ದು. ಅದಕ್ಕೆ ತ್ಸೆತ್ಸೆ ನೊಣ ಬೇಕಿಲ್ಲ, ದನಕ್ಕೆ ಕಚ್ಚುವ ದೊಡ್ಡ ನೊಣಗಳು ಬಾಯಿಗೆ ಅಂಟಿದ ರಕ್ತದಲ್ಲೇ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸುತ್ತವೆ. ನಮ್ಮ ಪಶುವೈದ್ಯರಿಗೆ ಇದು ಚೆನ್ನಾಗಿ ಗೊತ್ತು. ಮನುಷ್ಯರಿಗೆ ಸಾಮಾನ್ಯವಾಗಿ ಬರದು, ಯಾಕೆಂದರೆ ನಮ್ಮ ರಕ್ತದಲ್ಲಿರುವ ಎಪಿಒಎಲ್1 ಎಂಬ ಪ್ರೋಟೀನ್ ಅದನ್ನು ತೂತು ಮಾಡಿ ಕೊಲ್ಲುತ್ತದೆ. ಆ ರೈತರ ಎರಡೂ ಜೀನ್ ಪ್ರತಿಗಳಲ್ಲಿ ದೋಷವಿದ್ದು ಆ ಪ್ರೋಟೀನೇ ಇರಲಿಲ್ಲ ಅಂತ 2006ರಲ್ಲಿ ಗೊತ್ತಾಯಿತು. ಸುರಮಿನ್ ಔಷಧಿಯಿಂದ ಗುಣವಾದರು. ಆ ಊರಿನ ಉಳಿದವರನ್ನೂ ಪರೀಕ್ಷಿಸಿದರು, ಯಾರ ರಕ್ತದಲ್ಲೂ ಪರಾವಲಂಬಿ ಸಿಗಲಿಲ್ಲ. ಆಫ್ರಿಕಾದ ಎರಡು ಬಗೆಗಳು ಮನುಷ್ಯರಿಗೆ ಬರುವುದು, ಈ ಪ್ರೋಟೀನಿನಿಂದ ತಪ್ಪಿಸಿಕೊಳ್ಳುವ ದಾರಿ ಕಂಡುಕೊಂಡಿದ್ದರಿಂದ.

ಆ ಸ್ಲೈಡನ್ನು ಯಾರೋ ಕೂತು ನೋಡಿದರು. ಕಾರ್ಡ್ ಪರೀಕ್ಷೆ ಮಾಡಿ, ಸೆಲ್ ಕೌಂಟರಿಗೆ ಹಾಕಿ ಮುಗಿಸಿದ್ದರೆ ಅದು ಸಿಗುತ್ತಿರಲಿಲ್ಲ. ಮಲೇರಿಯಾ ಕಾರ್ಡ್ ಮಲೇರಿಯಾ ಬಿಟ್ಟು ಬೇರೇನೂ ಹೇಳುವುದಿಲ್ಲ. ಯಂತ್ರ ಎಣಿಸುತ್ತದೆ, ಟ್ರಿಪನೋಸೋಮ ಇದೆ ಅಂತ ಹೇಳುವುದಿಲ್ಲ.

ಹಾಗಾಗಿ ಲ್ಯಾಬಿನ ಗೆಳೆಯರಲ್ಲಿ ನನ್ನ ಕೋರಿಕೆ ಹೀಗಿದೆ. ಆಫ್ರಿಕಾದಿಂದ ಬಂದವರಿಗೆ ಜ್ವರವಿದ್ದರೆ ಮೊದಲು ಮಲೇರಿಯಾ ನೋಡಿ. ಫಾಲ್ಸಿಪೇರಂ ಮಲೇರಿಯಾ ದಿನಗಳಲ್ಲಿ ಕೊಲ್ಲುತ್ತದೆ, ಅದನ್ನು ತಡಮಾಡುವಂತಿಲ್ಲ. ಅದು ನೆಗೆಟಿವ್ ಇದ್ದರೆ, ಅಥವಾ ಮಲೇರಿಯಾ ಔಷಧಿ ಮುಗಿಸಿಯೂ ಜ್ವರ ಬಿಡದಿದ್ದರೆ, ಬೆರಳಿನಿಂದ ಒಂದು ಹನಿ ತಾಜಾ ರಕ್ತ ತೆಗೆದು ಕವರ್ ಸ್ಲಿಪ್ ಹಾಕಿ ತಕ್ಷಣ 40ರ ಲೆನ್ಸಿನಲ್ಲಿ ನೋಡಿ. ಬಣ್ಣ ಬೇಡ. ಜೀವಿ ಇದ್ದರೆ ಮೊದಲು ಕಾಣುವುದು ಅದಲ್ಲ, ಅದು ಒದ್ದು ಸರಿಸುವ ಕೆಂಪು ಕಣಗಳು. ಒಂದು ಜಾಗದಲ್ಲಿ ಕಣಗಳು ಸುಮ್ಮನೆ ಅಲುಗುತ್ತಿದ್ದರೆ ಅಲ್ಲೇ ನಿಂತು ನೋಡಿ.

ಒಂದು ಮಿಲಿಲೀಟರಿಗೆ ಸುಮಾರು 10,000 ಜೀವಿಗಳಿದ್ದರೆ ಮಾತ್ರ ಹಸಿ ಹನಿಯಲ್ಲಿ ಸಿಗುತ್ತದೆ. ಗ್ಯಾಂಬಿಯೆನ್ಸ್‌ನಲ್ಲಿ ಅಷ್ಟು ಇರುವುದು ಅಪರೂಪ. ಆಗ ಹೆಮಟೋಕ್ರಿಟ್ ಮಾಡುವ ಸಣ್ಣ ಗಾಜಿನ ನಳಿಕೆಯಲ್ಲಿ ರಕ್ತ ತಿರುಗಿಸಿ. ಪ್ಲಾಸ್ಮಾ ಮತ್ತು ಕೆಂಪು ಕಣದ ನಡುವೆ ಬಿಳಿ ಗೆರೆ ನಿಲ್ಲುತ್ತದಲ್ಲ, ಆ ಜಾಗದಲ್ಲಿ ಇವು ಸೇರಿಕೊಳ್ಳುತ್ತವೆ. ನಳಿಕೆಯನ್ನು ಅಲ್ಲೇ ಮುರಿದು ಆ ಗೆರೆಯನ್ನು ಸ್ಲೈಡಿಗೆ ಇಳಿಸಿ ನೋಡಿದರೆ ಮಿಲಿಲೀಟರಿಗೆ 500ರಷ್ಟಿದ್ದರೂ ಸಿಗಬಹುದು. ಗಾಜಿನ ಚೂರಿನ ಬಗ್ಗೆ ಎಚ್ಚರ. ಕುತ್ತಿಗೆಯ ಗಂಟಿದ್ದರೆ ಸೂಜಿಯಿಂದ ತೆಗೆದ ದ್ರವವನ್ನೂ ಹಸಿಯಾಗಿಯೇ ನೋಡಿ, ಟಿಬಿಗೆಂದು ಎಲ್ಲವನ್ನೂ ಒಣಗಿಸಬೇಡಿ. ಗೀಮ್ಸಾ ಬಣ್ಣ ಹಾಕಿದಾಗ ಕೆಂಪು ಕಣಕ್ಕಿಂತ ಎರಡು ಮೂರು ಪಟ್ಟು ಉದ್ದ, ಅಂಚಿನಲ್ಲಿ ಅಲೆಯಂಥ ಪೊರೆ, ಹಿಂದಿನ ತುದಿಯ ಹತ್ತಿರ ಸಣ್ಣ ಚುಕ್ಕೆ. ಕ್ರೂಝಿ ಆದರೆ ಬಾಗಿ ಅರ್ಧಚಂದ್ರದ ಹಾಗೆ ಇರುತ್ತದೆ, ಆ ಚುಕ್ಕೆ ಎದ್ದು ಕಾಣುವಷ್ಟು ದೊಡ್ಡದು. ಒಂದು ದಿನ ಸಿಗದಿದ್ದರೆ ಇಲ್ಲ ಅಂತ ಬರೆಯಬೇಡಿ. ಬೇರೆ ಬೇರೆ ದಿನ ಮತ್ತೆ ಮಾಡಿ. ಸ್ಲೈಡಿನಲ್ಲಿ ಕೆಂಪು ಕಣಗಳು ಕಾರಣವಿಲ್ಲದೆ ಗುಂಪುಗೂಡಿದ್ದರೆ ಅದನ್ನೂ ವರದಿಯಲ್ಲಿ ಬರೆಯಿರಿ.

ವೈದ್ಯರಲ್ಲಿ ಕೇಳಿಕೊಳ್ಳುವುದು: ರಕ್ತದಲ್ಲೋ ಗಂಟಿನಲ್ಲೋ ಸಿಕ್ಕಿದರೆ ಬೆನ್ನುಹುರಿಯ ದ್ರವವನ್ನು ನೋಡಬೇಕೇ ಎಂದು ತಜ್ಞರನ್ನು ಕೇಳಿ. ಅದರಲ್ಲಿ ಮೈಕ್ರೋಲೀಟರಿಗೆ ಐದಕ್ಕಿಂತ ಜಾಸ್ತಿ ಬಿಳಿಕಣ ಇದ್ದರೆ ರೋಗ ಮಿದುಳಿಗೆ ಹೋಗಿದೆ ಅಂತ ಲೆಕ್ಕ. ಹಿಂದೆ ಈ ಹಂತಕ್ಕೆ ಕೊಡುತ್ತಿದ್ದ ಮೆಲಾರ್ಸೊಪ್ರಾಲ್ ಎಂಬ ಆರ್ಸೆನಿಕ್ ಔಷಧಿಯೇ ಇಪ್ಪತ್ತರಲ್ಲಿ ಒಬ್ಬರನ್ನು ಕೊಲ್ಲುತ್ತಿತ್ತು. ಈಗ ಗ್ಯಾಂಬಿಯೆನ್ಸ್‌ಗೆ ಹೆಚ್ಚಿನವರಿಗೆ ಹತ್ತು ದಿನ ಊಟದ ಜೊತೆ ನುಂಗುವ ಫೆಕ್ಸಿನಿಡಜೋಲ್ ಮಾತ್ರೆ ಸಾಕು. ಇದು ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದನ್ನು ತರಿಸುವ ದಾರಿ ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಬರೆದಿಟ್ಟಿರಬೇಕು. ರೋಗಿ ಎದುರು ಕೂತಿರುವಾಗ ಹುಡುಕುವ ಕೆಲಸ ಅದಲ್ಲ.

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ, ನಿಮ್ಮಲ್ಲಿ ಕೇಳುವುದು ಎರಡೇ. ಜ್ವರದ ರೋಗಿಗಳ ಚೀಟಿಯಲ್ಲಿ ಒಂದು ಸಾಲು ಸೇರಿಸಿ: 'ಕಳೆದ ಐದು ವರ್ಷದಲ್ಲಿ ಬೇರೆ ದೇಶಕ್ಕೆ ಹೋಗಿದ್ದೀರಾ? ಯಾವ ದೇಶ? ಯಾವ ತಿಂಗಳು ಬಂದಿರಿ?' ಗ್ಯಾಂಬಿಯೆನ್ಸ್ ನಿಧಾನಿಯಾದ್ದರಿಂದ ಕಳೆದ ಒಂದು ತಿಂಗಳದ್ದು ಕೇಳಿದರೆ ಸಾಲದು. ಈ ಪ್ರಶ್ನೆ ಎಲ್ಲರಿಗೂ ಇರಲಿ, ಒಂದು ಸಮುದಾಯಕ್ಕೆ ಮಾತ್ರ ಬೇಡ. ಹಕ್ಕಿಪಿಕ್ಕಿ ಜನರ ಕಾಲೊನಿಗೆ ಹೋಗಿ ಸಾಲಾಗಿ ನಿಲ್ಲಿಸಿ ರಕ್ತ ತೆಗೆಯುವುದು ದಯವಿಟ್ಟು ಬೇಡ. ಈ ರೋಗ ಕೂತು ಮಾತಾಡಿದರೆ, ಒಟ್ಟಿಗೆ ಉಂಡರೆ ಬರುವುದಿಲ್ಲ. ನೊಣವೇ ಇಲ್ಲದ ನಮ್ಮ ನೆಲದಲ್ಲಿ ಅವರಿಂದ ಅಕ್ಕಪಕ್ಕದವರಿಗೆ ಹರಡುವ ದಾರಿಯಿಲ್ಲ. ಹೋಗುವ ಮುಂಚೆ ಅವರಿಗೆ ಹೇಳಬೇಕಾದದ್ದೂ ಇದೆ: ಕಾಡಂಚಿನಲ್ಲಿ ತುಂಬು ತೋಳಿನ ದಪ್ಪ ಬಟ್ಟೆ ಹಾಕಿ, ಕಡು ನೀಲಿ ಮತ್ತು ಕಪ್ಪು ಬಣ್ಣ ಬಿಡಿ, ಆ ಬಣ್ಣಗಳಿಗೆ ಈ ನೊಣ ಹುಡುಕಿಕೊಂಡು ಬರುತ್ತದೆ.

ಎರಡನೆಯದು ತರಬೇತಿ. ನಮ್ಮ ಟೆಕ್ನಿಷಿಯನ್ನರಲ್ಲಿ ಬಹಳ ಜನ ಟ್ರಿಪನೋಸೋಮವನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದಾರೆ. ಆಫ್ರಿಕಾದಿಂದ ಸ್ಲೈಡ್ ತರಿಸಬೇಕಾಗಿಲ್ಲ. ಸರ್ರಾ ಬಂದ ದನದ ರಕ್ತದಲ್ಲಿರುವ ಇವಾನ್ಸಿ ನೋಡಲು ಬ್ರೂಸಿಯ ಹಾಗೇ ಇರುತ್ತದೆ. ಹಿಂಭಾಗದ ಚುಕ್ಕೆ ಕೆಲವು ಸಲ ಕಾಣುವುದಿಲ್ಲ, ವ್ಯತ್ಯಾಸ ಅಷ್ಟೇ. ಪಶುಪಾಲನಾ ಇಲಾಖೆಗೆ ಒಂದು ಪತ್ರ ಬರೆದು, ಇನ್ನು ಮುಂದೆ ಸರ್ರಾ ಸಿಕ್ಕಾಗ ನಾಲ್ಕು ಸ್ಲೈಡ್ ಹೆಚ್ಚಿಗೆ ಮಾಡಿಕೊಡಲು ಕೇಳಿ. ತಾಲೂಕಿಗೊಂದು ಜೊತೆ ಇಟ್ಟುಕೊಂಡರೆ ಹೊಸದಾಗಿ ಸೇರುವವರ ಕಣ್ಣೂ ಪಳಗುತ್ತದೆ. ಬಣ್ಣ ಹಾಕಿಕೊಡುವುದು, ತೋರಿಸಿಕೊಡುವುದು ನನ್ನ ಜವಾಬ್ದಾರಿ. ಚನ್ನಗಿರಿಯಿಂದಲೇ ಶುರು ಮಾಡಲು ಒಂದು ದಿನ ಗೊತ್ತು ಮಾಡಿ ತಿಳಿಸಿ.

ತಮ್ಮ ವಿಶ್ವಾಸಿ,
ದಾವಣಗೆರೆಯ ಒಬ್ಬ ಲ್ಯಾಬ್ ಶಿಕ್ಷಕಿ